ನಿಧಾನ ಕ್ಲಾಕ್ ಮತ್ತು ಸೋರಿಹೋಗುವ ಒಂದು: ಡೈನಾಮಿಕ್ ಲಾಜಿಕ್‌ಗೆ ಕೆಳಮಿತಿ ಏಕೆ

ಪ್ರಶ್ನೆ: ಸರ್, ನಾನು ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಮೂರನೇ ವರ್ಷ ಓದುತ್ತಿದ್ದೇನೆ. 8085 ಕಿಟ್‌ನ ಕ್ರಿಸ್ಟಲ್ ತೆಗೆದು, 555 ಟೈಮರ್‌ನಿಂದ ಸೆಕೆಂಡಿಗೆ ಒಂದೇ ಕ್ಲಾಕ್ ಕೊಟ್ಟರೆ ಬಸ್ ಮೇಲಿನ ಪ್ರತಿ ಹೆಜ್ಜೆಯನ್ನೂ ಎಲ್‌ಇಡಿಯಲ್ಲಿ ನೋಡಬಹುದು ಅಂದುಕೊಂಡಿದ್ದೆ. ಆದರೆ ಅಡ್ರೆಸ್‌ಗಳು ಅಡ್ಡಾದಿಡ್ಡಿ ಬರುತ್ತಿವೆ. ಕ್ರಿಸ್ಟಲ್ ಮತ್ತೆ ಹಾಕಿದರೆ ಎಲ್ಲ ಸರಿಯಾಗಿದೆ. ಕ್ಲಾಕ್‌ನ ಹೆಚ್ಚಿನ ವೇಗಕ್ಕೆ ಮಿತಿ ಇರುವುದು ಗೊತ್ತು, ಕಡಿಮೆ ವೇಗಕ್ಕೂ ಇರುತ್ತದೆಯೇ? ಪ್ರೀಚಾರ್ಜ್, ಇವ್ಯಾಲ್ಯುಯೇಟ್ ಎಂದು ಓದಿದ್ದಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯೇ?

ಉತ್ತರ: ಇರುತ್ತದೆ, ಸಂಬಂಧವೂ ನೇರವಾದದ್ದೇ. ನಿಮ್ಮ ಪ್ರೊಸೆಸರ್ ಕೆಟ್ಟಿಲ್ಲ. 8085ಎ ಡೇಟಾಶೀಟ್‌ನ ಎಸಿ ಗುಣಲಕ್ಷಣಗಳ ಕೋಷ್ಟಕದಲ್ಲಿ ಕ್ಲಾಕ್ ಅವಧಿ ಎಂಬ ಸಾಲನ್ನು ನೋಡಿರಿ. ಅಲ್ಲಿ ಕನಿಷ್ಠ 320 ನ್ಯಾನೊಸೆಕೆಂಡ್ ಎಂದು ಇರುವ ಹಾಗೆಯೇ, ಅದರ ಪಕ್ಕದಲ್ಲಿ ಗರಿಷ್ಠ 2000 ನ್ಯಾನೊಸೆಕೆಂಡ್ ಎಂದೂ ಇದೆ. ಅಂದರೆ ಒಳಗಿನ ಕ್ಲಾಕ್ 500 ಕಿಲೊಹರ್ಟ್ಸ್‌ಗಿಂತ ಕೆಳಗೆ ಇಳಿದರೆ ಚಿಪ್ ಸರಿಯಾಗಿ ನಡೆಯುತ್ತದೆ ಎಂಬ ಭರವಸೆಯನ್ನು ತಯಾರಕರು ಕೊಡುವುದಿಲ್ಲ. ಎಕ್ಸ್1 ಪಿನ್‌ಗೆ ಬರುವ ಆವರ್ತನವನ್ನು ಚಿಪ್ ಒಳಗೆ ಎರಡರಿಂದ ಭಾಗಿಸುವುದರಿಂದ, ಆ ಪಿನ್‌ನಲ್ಲಿ ಕನಿಷ್ಠ 1 ಮೆಗಾಹರ್ಟ್ಸ್ ಇರಬೇಕು. ನೀವು ಕೊಟ್ಟದ್ದು ಅದಕ್ಕಿಂತ ಹತ್ತು ಲಕ್ಷ ಪಟ್ಟು ನಿಧಾನವಾದ ಕ್ಲಾಕ್. ಪಾಠದಲ್ಲಿ ನಾವು ಮೊದಲ ಸಂಖ್ಯೆಯನ್ನು ಒತ್ತಿ ಹೇಳಿ ಎರಡನೆಯದನ್ನು ದಾಟಿಸಿಬಿಡುತ್ತೇವೆ, ಹೀಗಾಗಿ ಈ ಪ್ರಶ್ನೆ ಪ್ರತಿ ವರ್ಷವೂ ಯಾರಾದರೊಬ್ಬರಿಂದ ಬಂದೇ ಬರುತ್ತದೆ.

ಆ ಗರಿಷ್ಠ ಅವಧಿ ಎಲ್ಲಿಂದ ಬಂತು ಎಂಬುದನ್ನು ತಿಳಿಯಲು, ಒಂದು ಗೇಟ್ ತನ್ನ ಉತ್ತರವನ್ನು ಹೇಗೆ ಹಿಡಿದುಕೊಂಡಿರುತ್ತದೆ ಎಂಬುದನ್ನು ನೋಡಬೇಕು. ಸಾಮಾನ್ಯ ಸ್ಟ್ಯಾಟಿಕ್ ಸಿಮಾಸ್ ಗೇಟ್‌ನಲ್ಲಿ ಔಟ್‌ಪುಟ್ ಯಾವಾಗಲೂ ಯಾವುದಾದರೊಂದು ಕಡೆಗೆ ಕಟ್ಟಲ್ಪಟ್ಟಿರುತ್ತದೆ. ಉತ್ತರ ಒಂದು ಆಗಿದ್ದರೆ ಪಿಮಾಸ್ ಟ್ರಾನ್ಸಿಸ್ಟರ್‌ಗಳ ಮೂಲಕ ಸಪ್ಲೈಗೆ, ಸೊನ್ನೆ ಆಗಿದ್ದರೆ ಎನ್‌ಮಾಸ್ ಟ್ರಾನ್ಸಿಸ್ಟರ್‌ಗಳ ಮೂಲಕ ಗ್ರೌಂಡ್‌ಗೆ. ಸ್ವಲ್ಪ ಚಾರ್ಜ್ ಎಲ್ಲಾದರೂ ಸೋರಿದರೂ ಆ ದಾರಿಯಿಂದ ಕೂಡಲೇ ತುಂಬಿಕೊಳ್ಳುತ್ತದೆ, ಆದ್ದರಿಂದ ಕ್ಲಾಕ್ ಅನ್ನು ಒಂದು ಗಂಟೆ ನಿಲ್ಲಿಸಿದರೂ ಉತ್ತರ ಅಲ್ಲೇ ಇರುತ್ತದೆ. ಈ ಭದ್ರತೆಗೆ ಕೊಡುವ ಬೆಲೆ ಎಂದರೆ ಪ್ರತಿ ಇನ್‌ಪುಟ್‌ಗೂ ಎರಡು ಟ್ರಾನ್ಸಿಸ್ಟರ್‌ಗಳು, ಅದರಲ್ಲಿ ಒಂದು ನಿಧಾನವಾದ, ದೊಡ್ಡದಾಗಿ ಮಾಡಬೇಕಾದ ಪಿಮಾಸ್.

ಡೈನಾಮಿಕ್ ಗೇಟ್‌ನಲ್ಲಿ ಆ ಪಿಮಾಸ್ ಗುಂಪನ್ನೇ ತೆಗೆದುಹಾಕಿ, ಅದರ ಜಾಗದಲ್ಲಿ ಕ್ಲಾಕ್‌ನಿಂದ ನಡೆಯುವ ಒಂದೇ ಒಂದು ಪಿಮಾಸ್ ಇಡುತ್ತಾರೆ. ಕ್ಲಾಕ್ ಕೆಳಗಿರುವಾಗ ಈ ಟ್ರಾನ್ಸಿಸ್ಟರ್ ತೆರೆದುಕೊಂಡು ಔಟ್‌ಪುಟ್ ನೋಡ್ ಅನ್ನು ಸಪ್ಲೈ ವೋಲ್ಟೇಜ್‌ಗೆ ತುಂಬುತ್ತದೆ, ಇದು ಪ್ರೀಚಾರ್ಜ್. ಆ ಹೊತ್ತಿನಲ್ಲಿ ಇನ್‌ಪುಟ್‌ಗಳು ಏನೇ ಇದ್ದರೂ ನೋಡ್ ಗ್ರೌಂಡ್‌ಗೆ ಖಾಲಿಯಾಗಬಾರದು ಎಂದು, ಎನ್‌ಮಾಸ್ ಗುಂಪಿನ ಬುಡದಲ್ಲಿ ಕ್ಲಾಕ್‌ನಿಂದಲೇ ನಡೆಯುವ ಇನ್ನೊಂದು ಎನ್‌ಮಾಸ್ ಇರುತ್ತದೆ. ಅದನ್ನು ಫುಟ್ ಎನ್ನುತ್ತಾರೆ. ಕ್ಲಾಕ್ ಮೇಲೇರಿದಾಗ ಪ್ರೀಚಾರ್ಜ್ ಟ್ರಾನ್ಸಿಸ್ಟರ್ ಮುಚ್ಚಿಕೊಂಡು ಫುಟ್ ತೆರೆದುಕೊಳ್ಳುತ್ತದೆ, ಇದು ಇವ್ಯಾಲ್ಯುಯೇಟ್. ಈಗ ಇನ್‌ಪುಟ್‌ಗಳು ಕೆಳಗೆ ಒಂದು ದಾರಿ ಮಾಡಿಕೊಟ್ಟರೆ ನೋಡ್ ಖಾಲಿಯಾಗಿ ಸೊನ್ನೆಯಾಗುತ್ತದೆ. ದಾರಿ ಇಲ್ಲದಿದ್ದರೆ ನೋಡ್ ಒಂದಾಗಿಯೇ ಉಳಿಯಬೇಕು. ಇಲ್ಲಿ ಗಮನಿಸಬೇಕಾದದ್ದು ಈ ಉಳಿಯಬೇಕು ಎಂಬುದನ್ನೇ: ಆ ಒಂದನ್ನು ಈಗ ಯಾವ ಟ್ರಾನ್ಸಿಸ್ಟರ್ ಕೂಡ ಹಿಡಿದಿಲ್ಲ. ಮೇಲಿನ ಬಾಗಿಲೂ ಮುಚ್ಚಿದೆ, ಕೆಳಗಿನ ಬಾಗಿಲೂ ಮುಚ್ಚಿದೆ, ನೋಡ್‌ನ ಸ್ವಂತ ಕೆಪಾಸಿಟನ್ಸ್‌ನಲ್ಲಿ ಉಳಿದಿರುವ ಚಾರ್ಜ್ ಒಂದೇ ಅದರ ಆಧಾರ.

ಈ ಏರ್ಪಾಡಿನಿಂದ ಇನ್ನೊಂದು ನಿಯಮವೂ ಹುಟ್ಟುತ್ತದೆ. ಇವ್ಯಾಲ್ಯುಯೇಟ್ ನಡೆಯುವಾಗ ಒಮ್ಮೆ ಖಾಲಿಯಾದ ನೋಡ್ ಮುಂದಿನ ಪ್ರೀಚಾರ್ಜ್ ಬರುವ ತನಕ ಮತ್ತೆ ತುಂಬುವುದಿಲ್ಲ, ಹಾಗಾಗಿ ಇನ್‌ಪುಟ್‌ಗಳು ಆ ಹಂತದಲ್ಲಿ ಸೊನ್ನೆಯಿಂದ ಒಂದಕ್ಕೆ ಏರಬಹುದೇ ಹೊರತು ತಪ್ಪಾಗಿ ಒಂದು ಕ್ಷಣ ಒಂದಾಗಿ ಮತ್ತೆ ಸೊನ್ನೆಗೆ ಇಳಿಯುವಂತಿಲ್ಲ. ಒಂದು ಡೈನಾಮಿಕ್ ಗೇಟ್‌ನ ನೋಡ್ ಅನ್ನು ನೇರವಾಗಿ ಇನ್ನೊಂದರ ಇನ್‌ಪುಟ್‌ಗೆ ಕೊಟ್ಟರೆ ಆಗುವುದು ಅದೇ ತಪ್ಪು. ನಡುವೆ ಒಂದು ಸ್ಟ್ಯಾಟಿಕ್ ಇನ್ವರ್ಟರ್ ಇಟ್ಟು ಇದನ್ನು ಸರಿಪಡಿಸಿದ ವಿನ್ಯಾಸಕ್ಕೆ ಡಾಮಿನೊ ಎಂದು ಹೆಸರು. ಬೆಲ್ ಲ್ಯಾಬ್ಸ್‌ನ ಕ್ರಾಂಬೆಕ್ ಮತ್ತು ಸಂಗಡಿಗರು 1982ರಲ್ಲಿ ಅದನ್ನು ಪ್ರಕಟಿಸಿದರು. ನಿಮ್ಮ 8085 ಅದಕ್ಕಿಂತ ಹಳೆಯದು, 1976ರದ್ದು, ಸಿಮಾಸ್ ಅಲ್ಲದೆ ಬರೀ ಎನ್‌ಮಾಸ್‌ನಿಂದ ಮಾಡಿದ್ದು. ಅದರಲ್ಲಿ ಕ್ಲಾಕ್‌ನ ಎರಡು ಹಂತಗಳು ಸರದಿಯ ಮೇಲೆ ಕೆಲಸ ಮಾಡುತ್ತವೆ. ಆದರೂ ಮೂಲ ತತ್ವ ಒಂದೇ: ಒಂದು ಹಂತದಲ್ಲಿ ಚಾರ್ಜ್ ಇಟ್ಟು, ಮುಂದಿನ ಹಂತದ ತನಕ ಅದು ಅಲ್ಲೇ ಇರುತ್ತದೆ ಎಂದು ನಂಬುವುದು.

ಆ ನಂಬಿಕೆಗೆ ಕಾಲಮಿತಿ ಇದೆ, ಏಕೆಂದರೆ ಮುಚ್ಚಿದ ಟ್ರಾನ್ಸಿಸ್ಟರ್ ಪೂರ್ತಿ ಮುಚ್ಚಿರುವುದಿಲ್ಲ. ಡ್ರೇನ್ ಮತ್ತು ತಳದ ಸಿಲಿಕಾನ್ ನಡುವೆ ಇರುವ ಹಿಮ್ಮುಖ ಡಯೋಡ್ ಮೂಲಕ ಸ್ವಲ್ಪ ಕರೆಂಟ್ ಸೋರುತ್ತದೆ; ಹಳೆಯ ಚಿಪ್‌ಗಳಲ್ಲಿ ಇದೇ ಮುಖ್ಯ. ಗೇಟ್ ವೋಲ್ಟೇಜ್ ತ್ರೆಶೋಲ್ಡ್‌ಗಿಂತ ಕೆಳಗಿದ್ದರೂ ಡ್ರೇನ್‌ನಿಂದ ಸೋರ್ಸ್‌ಗೆ ಸಣ್ಣ ಕರೆಂಟ್ ಹರಿಯುತ್ತಲೇ ಇರುತ್ತದೆ. ಹೊಸ ಚಿಪ್‌ಗಳಲ್ಲಿ ಇದು ಮುಖ್ಯ. ಸಪ್ಲೈ ವೋಲ್ಟೇಜ್ ಇಳಿಸಿದಾಗ ವೇಗ ಉಳಿಸಿಕೊಳ್ಳಲು ತ್ರೆಶೋಲ್ಡ್ ಅನ್ನೂ ಇಳಿಸಬೇಕಾಗುತ್ತದೆ, ಮತ್ತು ತ್ರೆಶೋಲ್ಡ್ ಸುಮಾರು 0.1 ವೋಲ್ಟ್ ಇಳಿದಾಗಲೆಲ್ಲ ಈ ಎರಡನೆಯ ಸೋರಿಕೆ ಹೆಚ್ಚುಕಡಿಮೆ ಹತ್ತು ಪಟ್ಟು ಏರುತ್ತದೆ. ನೋಡ್ ಎಷ್ಟು ಹೊತ್ತು ತಡೆಯುತ್ತದೆ ಎಂಬ ಲೆಕ್ಕ ಮಾತ್ರ ಸರಳ: t = C × ΔV / I. ಇಲ್ಲಿ C ನೋಡ್‌ನ ಕೆಪಾಸಿಟನ್ಸ್, ΔV ಎಂದರೆ ಮುಂದಿನ ಗೇಟ್ ತಪ್ಪಾಗಿ ಓದುವ ಮೊದಲು ನಾವು ಕಳೆದುಕೊಳ್ಳಬಹುದಾದ ವೋಲ್ಟೇಜ್, I ಎಂದರೆ ಸೋರಿಕೆ. ವಾರಕ್ಕೊಮ್ಮೆ ನಳ ಬರುವ ನಮ್ಮ ಓಣಿಗಳಲ್ಲಿ ಸಂಪ್ ಬಿರುಕು ಬಿಟ್ಟಿದ್ದರೆ ಮಾಡುವ ಲೆಕ್ಕವೂ ಇದೇ.

ಮೊದಲು ನಿಮ್ಮ 8085ರ ಕಾಲದ ಚಿಪ್‌ಗೆ ಹೊಂದುವ ಅಂದಾಜು ಮಾಡೋಣ. ಇವು ಲೆಕ್ಕ ತೋರಿಸಲು ನಾನು ಆರಿಸಿಕೊಂಡ ಸಂಖ್ಯೆಗಳು, 8085ರ ಯಾವುದೋ ಒಂದು ನೋಡ್‌ನ ಅಳತೆಗಳಲ್ಲ. ನೋಡ್ 50 ಫೆಮ್ಟೊಫ್ಯಾರಡ್, ಕಳೆದುಕೊಳ್ಳಬಹುದಾದದ್ದು 1.5 ವೋಲ್ಟ್, ಸೋರಿಕೆ 25 ಡಿಗ್ರಿಯಲ್ಲಿ 5 ಪಿಕೊಆಂಪಿಯರ್ ಎಂದು ಇಟ್ಟುಕೊಂಡರೆ, ನೋಡ್ 15 ಮಿಲಿಸೆಕೆಂಡ್ ತಡೆಯುತ್ತದೆ. ಪಿನ್‌ನಲ್ಲಿ ಸೆಕೆಂಡಿಗೆ ಒಂದು ಕ್ಲಾಕ್ ಎಂದರೆ ಒಳಗಿನ ಕ್ಲಾಕ್‌ನ ಅರ್ಧ ಅವಧಿಯೇ 1000 ಮಿಲಿಸೆಕೆಂಡ್, ಅಷ್ಟರಲ್ಲಿ ನೋಡ್ ಎಂದೋ ಖಾಲಿಯಾಗಿರುತ್ತದೆ. ಆದರೆ 15 ಮಿಲಿಸೆಕೆಂಡ್‌ಗೂ ಡೇಟಾಶೀಟ್‌ನ 2 ಮೈಕ್ರೊಸೆಕೆಂಡ್‌ಗೂ ಇರುವ ಅಂತರ ನಿಮ್ಮ ಕಣ್ಣಿಗೆ ಬಿದ್ದಿರಬೇಕು. ಡಯೋಡ್ ಸೋರಿಕೆ ಸುಮಾರು ಪ್ರತಿ 10 ಡಿಗ್ರಿಗೆ ಇಮ್ಮಡಿಯಾಗುತ್ತದೆ, ಆದ್ದರಿಂದ ಸಿಲಿಕಾನ್ 85 ಡಿಗ್ರಿಗೆ ಬಂದಾಗ ಆರು ಸಲ ಇಮ್ಮಡಿಯಾಗಿ 64 ಪಟ್ಟಾಗುತ್ತದೆ, 15 ಮಿಲಿಸೆಕೆಂಡ್ ಇದ್ದದ್ದು ಕಾಲು ಮಿಲಿಸೆಕೆಂಡ್‌ಗಿಂತಲೂ ಕಡಿಮೆಯಾಗುತ್ತದೆ. ಅದರ ಮೇಲೆ ಚಿಪ್‌ನಲ್ಲಿರುವ ಸಾವಿರಾರು ನೋಡ್‌ಗಳಲ್ಲಿ ಅತಿ ಚಿಕ್ಕದು, ಅತಿ ಹೆಚ್ಚು ಸೋರುವುದು ಯಾವುದೋ ಅದೇ ಇಡೀ ಚಿಪ್‌ನ ಮಿತಿಯನ್ನು ನಿರ್ಧರಿಸುತ್ತದೆ. ವರ್ಷಗಟ್ಟಲೆ ತಯಾರಾಗುವ ಎಲ್ಲ ಚಿಪ್‌ಗಳಿಗೂ ಒಂದೇ ಭರವಸೆ ಕೊಡಬೇಕಾದಾಗ ಹೀಗೆ ಧಾರಾಳವಾದ ಅಂಚು ಬಿಟ್ಟುಕೊಳ್ಳುವುದು ಸಹಜ. ನಿಮ್ಮ ಮೇಜಿನ ಮೇಲಿನ ಒಂದು ಚಿಪ್ 500 ಕಿಲೊಹರ್ಟ್ಸ್‌ಗಿಂತ ಸಾಕಷ್ಟು ಕೆಳಗೂ ನಡೆದೀತು. ಆದರೆ ಅದರ ಮೇಲೆ ಪ್ರಾಜೆಕ್ಟ್ ಕಟ್ಟಬಾರದು.

ಇದರಿಂದಲೇ ದೋಷವನ್ನು ಗುರುತಿಸುವ ದಾರಿಯೂ ಸಿಗುತ್ತದೆ. ಸಮಯ ಸಾಲದೆ ಬರುವ ದೋಷ ಕ್ಲಾಕ್ ಏರಿಸಿದಾಗ ಕಾಣಿಸಿಕೊಂಡು ಇಳಿಸಿದಾಗ ಮಾಯವಾಗುತ್ತದೆ; ಸೋರಿಕೆಯ ದೋಷ ಇದಕ್ಕೆ ತಿರುಗುಮುರುಗು. ಎರಡನೆಯದಾಗಿ, ಸೋರಿಕೆಯ ಮಿತಿ ತಾಪಮಾನದ ಜೊತೆ ಜೋರಾಗಿ ಸರಿಯುತ್ತದೆ. ಡಿಸೆಂಬರ್ ಬೆಳಗ್ಗೆ ಧಾರವಾಡದ ಕೋಣೆಯೊಂದರಲ್ಲಿ ನಡೆದ ನಿಧಾನ ಕ್ಲಾಕ್, ಅದಕ್ಕಿಂತ 20 ಡಿಗ್ರಿ ಹೆಚ್ಚು ಬಿಸಿಯಿರುವ ಏಪ್ರಿಲ್ ಮಧ್ಯಾಹ್ನದಲ್ಲಿ ನಾಲ್ಕು ಪಟ್ಟು ವೇಗವಾಗಿಸದ ಹೊರತು ನಡೆಯದೇ ಹೋಗಬಹುದು. ಅದಕ್ಕಿಂತ ಮುಖ್ಯವಾದದ್ದು ಚಿಪ್ ತಾನೇ ಹುಟ್ಟಿಸಿಕೊಳ್ಳುವ ಬಿಸಿ. 8085ಎ 5 ವೋಲ್ಟ್‌ನಲ್ಲಿ ಗರಿಷ್ಠ 170 ಮಿಲಿಆಂಪಿಯರ್ ತೆಗೆದುಕೊಳ್ಳಬಹುದು, ಅದು ಮುಕ್ಕಾಲು ವ್ಯಾಟ್‌ಗಿಂತ ಹೆಚ್ಚು. ಹಾಗಾಗಿ ಸ್ವಿಚ್ ಹಾಕಿದ ಕೂಡಲೇ ಸರಿಯಾಗಿದ್ದು, ಹತ್ತು ನಿಮಿಷದ ನಂತರ ತಪ್ಪತೊಡಗಿ, ತಣ್ಣಗಾದ ಮೇಲೆ ಮತ್ತೆ ಸರಿಯಾಗುವ ನಿಧಾನ ಕ್ಲಾಕ್ ಸೋರಿಕೆಯ ಕಡೆಗೇ ಬೊಟ್ಟು ಮಾಡುತ್ತದೆ. ಆದರೆ ತೀರ್ಮಾನಕ್ಕೆ ಬರುವ ಮೊದಲು ನಿಮ್ಮ 555 ಅನ್ನೂ ಸಂಶಯಿಸಬೇಕು. ಅದರ ಔಟ್‌ಪುಟ್ ಪೂರ್ತಿ 5 ವೋಲ್ಟ್‌ಗೆ ಏರುವುದಿಲ್ಲ. ಎಕ್ಸ್1ಕ್ಕೆ ಕೊಡುವ ಮುನ್ನ ಅದನ್ನು 74ಎಲ್‌ಎಸ್14 ಮೂಲಕ ಹಾಯಿಸಿ, ಸಪ್ಲೈಗೆ ಒಂದು ಪುಲ್‌ಅಪ್ ರೆಸಿಸ್ಟರ್ ಹಾಕಿರಿ. ಹಾಗೆ ಮಾಡಿಯೂ ತಪ್ಪು ಉಳಿದರೆ ಮಾತ್ರ ಅದನ್ನು ಚಿಪ್ ಒಳಗಿನ ಸೋರಿಕೆ ಎನ್ನಬಹುದು.

ಇನ್ನು ಹೊಸ ಚಿಪ್‌ಗಳ ಕಡೆಗೆ ಬಂದರೆ ಮಿಲಿಸೆಕೆಂಡ್‌ನ ಮಾತೇ ಹೋಗಿ ನ್ಯಾನೊಸೆಕೆಂಡ್ ಬರುತ್ತದೆ, ಮತ್ತು ಲೆಕ್ಕದಲ್ಲಿ ಇನ್ನೊಂದು ಪಾಲುದಾರ ಸೇರಿಕೊಳ್ಳುತ್ತದೆ. ಹದಿನಾರು ರಿಜಿಸ್ಟರ್‌ಗಳಿರುವ ಒಂದು ಗುಂಪಿನಲ್ಲಿ ಒಂದು ಬಿಟ್ ಅನ್ನು ಓದುವ ಗೆರೆಯನ್ನು ತೆಗೆದುಕೊಳ್ಳಿರಿ. ಡೈನಾಮಿಕ್ ಲಾಜಿಕ್ ಇಂದಿಗೂ ಬದುಕಿರುವ ಜಾಗಗಳಲ್ಲಿ ಇದೊಂದು. ಗೆರೆಗೆ ಹದಿನಾರು ಕಾಲುಗಳು ನೇತಾಡುತ್ತವೆ. ಪ್ರತಿ ಕಾಲಿನಲ್ಲಿ ಒಂದರ ಕೆಳಗೆ ಒಂದರಂತೆ ಎರಡು ಎನ್‌ಮಾಸ್. ಮೇಲಿನದ್ದು ಆ ರಿಜಿಸ್ಟರ್ ಅನ್ನು ಆರಿಸುವ ವರ್ಡ್‌ಲೈನ್‌ನಿಂದ ನಡೆಯುತ್ತದೆ, ಕೆಳಗಿನದ್ದು ಅದರಲ್ಲಿ ಇಟ್ಟಿರುವ ಬಿಟ್‌ನಿಂದ. ಪ್ರೀಚಾರ್ಜ್ ವೇಳೆ ಎಲ್ಲ ವರ್ಡ್‌ಲೈನ್‌ಗಳೂ ಸೊನ್ನೆಯಾಗಿರುವುದರಿಂದ ಇಲ್ಲಿ ಫುಟ್ ಬೇಕಾಗಿಲ್ಲ. ಇವ್ಯಾಲ್ಯುಯೇಟ್‌ನಲ್ಲಿ ಒಂದು ವರ್ಡ್‌ಲೈನ್ ಏರುತ್ತದೆ. ಆ ರಿಜಿಸ್ಟರ್‌ನ ಬಿಟ್ ಒಂದಾಗಿದ್ದರೆ ಗೆರೆ ಖಾಲಿಯಾಗುತ್ತದೆ, ಸೊನ್ನೆಯಾಗಿದ್ದರೆ ಗೆರೆ ತುಂಬಿಯೇ ಇರಬೇಕು.

ಈ ಗೆರೆಗೆ ಅತಿ ಕೆಟ್ಟ ಗಳಿಗೆ ಯಾವುದು? ಆರಿಸಿದ ರಿಜಿಸ್ಟರ್‌ನಲ್ಲಿ ಸೊನ್ನೆ, ಉಳಿದ ಹದಿನೈದರಲ್ಲೂ ಒಂದು ಇರುವ ಗಳಿಗೆ. ಆ ಹದಿನೈದು ಕಾಲುಗಳಲ್ಲಿ ಕೆಳಗಿನ ಟ್ರಾನ್ಸಿಸ್ಟರ್ ಪೂರ್ತಿ ತೆರೆದಿರುವುದರಿಂದ ಗೆರೆಗೂ ಗ್ರೌಂಡ್‌ಗೂ ನಡುವೆ ಮುಚ್ಚಿದ ಟ್ರಾನ್ಸಿಸ್ಟರ್ ಒಂದೇ. ಆರಿಸಿದ ಕಾಲಿನಲ್ಲಿಯೂ ಹಾಗೆಯೇ ಒಂದೇ. ಎರಡೂ ಮುಚ್ಚಿದ್ದರೆ ಸೋರಿಕೆ ಬಹಳ ಕಡಿಮೆಯಾಗುತ್ತಿತ್ತು, ಆದರೆ ಇಲ್ಲಿ ಆ ಅದೃಷ್ಟವಿಲ್ಲ. ಸಪ್ಲೈ 1 ವೋಲ್ಟ್, ತ್ರೆಶೋಲ್ಡ್ 0.3 ವೋಲ್ಟ್, ಗೆರೆಯ ಕೆಪಾಸಿಟನ್ಸ್ 10 ಫೆಮ್ಟೊಫ್ಯಾರಡ್, ಬಿಸಿಯಾಗಿರುವ ಚಿಪ್‌ನಲ್ಲಿ ಪ್ರತಿ ಕಾಲಿನ ಸೋರಿಕೆ 10 ನ್ಯಾನೊಆಂಪಿಯರ್ ಎಂದು ಇಟ್ಟುಕೊಳ್ಳೋಣ. ಹದಿನಾರು ಕಾಲುಗಳಿಗೆ ಒಟ್ಟು 160 ನ್ಯಾನೊಆಂಪಿಯರ್. ಗೆರೆಯನ್ನು ಓದುವ ಇನ್ವರ್ಟರ್‌ಗೆ ಸಂದೇಹ ಬರದಿರಲು ಗೆರೆ 0.7 ವೋಲ್ಟ್‌ಗಿಂತ ಕೆಳಗೆ ಹೋಗಬಾರದು ಎಂದು ವಿನ್ಯಾಸಕರು ನಿಗದಿ ಮಾಡಿದ್ದಾರೆ ಎನ್ನೋಣ. ಕಳೆದುಕೊಳ್ಳಬಹುದಾದ ಚಾರ್ಜ್ 10 ಫೆಮ್ಟೊಫ್ಯಾರಡ್ ಗುಣಿಸು 0.3 ವೋಲ್ಟ್, ಅಂದರೆ 3 ಫೆಮ್ಟೊಕೂಲಂಬ್, ಹತ್ತೊಂಬತ್ತು ಸಾವಿರದಷ್ಟು ಎಲೆಕ್ಟ್ರಾನ್‌ಗಳು. ಸೋರಿಕೆಯೊಂದೇ ಇದ್ದರೆ ಇದು ಸುಮಾರು 19 ನ್ಯಾನೊಸೆಕೆಂಡ್‌ಗೆ ಸಾಕು.

ಆದರೆ ಸೋರಿಕೆ ಶುರುವಾಗುವ ಮೊದಲೇ ಇನ್ನೊಂದು ಬಾಯಿ ಈ ಬಜೆಟ್‌ಗೆ ಕೈ ಹಾಕಿರುತ್ತದೆ. ಆರಿಸಿದ ಕಾಲಿನಲ್ಲಿ ಮೇಲಿನ ಟ್ರಾನ್ಸಿಸ್ಟರ್ ತೆರೆದುಕೊಂಡಾಗ, ಎರಡು ಟ್ರಾನ್ಸಿಸ್ಟರ್‌ಗಳ ನಡುವಿನ ಪುಟ್ಟ ನೋಡ್ ಗೆರೆಗೆ ಸೇರಿಕೊಳ್ಳುತ್ತದೆ. ಅದು ಹಿಂದಿನ ಯಾವುದೋ ಓದಿನಲ್ಲಿ ಖಾಲಿಯಾಗಿ ಉಳಿದಿದ್ದರೆ, ಗೆರೆಯ ಚಾರ್ಜ್‌ನಿಂದಲೇ ತುಂಬಿಕೊಳ್ಳುತ್ತದೆ. ಇದಕ್ಕೆ ಚಾರ್ಜ್ ಹಂಚಿಕೆ ಎಂದು ಹೆಸರು. ಆ ನಡುವಿನ ನೋಡ್ 2 ಫೆಮ್ಟೊಫ್ಯಾರಡ್ ಇದ್ದು, ಎನ್‌ಮಾಸ್ ಅದನ್ನು ಸಪ್ಲೈಗಿಂತ ಒಂದು ತ್ರೆಶೋಲ್ಡ್ ಕೆಳಗೆ, ಅಂದರೆ 0.7 ವೋಲ್ಟ್ ತನಕ ಮಾತ್ರ ಏರಿಸಬಲ್ಲದು ಎಂದರೆ, ಅದು ನುಂಗುವುದು 1.4 ಫೆಮ್ಟೊಕೂಲಂಬ್. ಗೆರೆ ಒಂದೇ ಏಟಿಗೆ 0.86 ವೋಲ್ಟ್‌ಗೆ ಇಳಿಯಿತು, ಸೋರಿಕೆಗೆ ಉಳಿದದ್ದು 1.6 ಫೆಮ್ಟೊಕೂಲಂಬ್, ಸಮಯ 10 ನ್ಯಾನೊಸೆಕೆಂಡ್. ಕ್ಲಾಕ್‌ನ ಅರ್ಧ ಅವಧಿ ಇದಕ್ಕಿಂತ ಉದ್ದವಾಗಬಾರದು ಎಂದರೆ ಆವರ್ತನ 50 ಮೆಗಾಹರ್ಟ್ಸ್‌ಗಿಂತ ಕೆಳಗೆ ಇಳಿಯುವಂತಿಲ್ಲ. ಗಿಗಾಹರ್ಟ್ಸ್‌ನಲ್ಲಿ ಓಡುವ ಚಿಪ್‌ಗೆ ಇದು ದೊಡ್ಡ ತೊಂದರೆಯಲ್ಲ ಎನಿಸಬಹುದು. ಆದರೆ ಅದೇ ಚಿಪ್ ಕಾರ್ಖಾನೆಯಿಂದ ಹೊರಡುವ ಮುನ್ನ 10 ಮೆಗಾಹರ್ಟ್ಸ್‌ನ ಅಗ್ಗದ ಟೆಸ್ಟರ್ ಮೇಲೆ ಕೂರಬೇಕಾಗಬಹುದು, ಅಲ್ಲಿ ಅರ್ಧ ಅವಧಿ 50 ನ್ಯಾನೊಸೆಕೆಂಡ್. ಬರ್ನ್‌ಇನ್ ಪರೀಕ್ಷೆಯಲ್ಲಂತೂ ವೋಲ್ಟೇಜ್ ಮತ್ತು ತಾಪ ಎರಡನ್ನೂ ಬೇಕೆಂದೇ ಏರಿಸಿ ಕ್ಲಾಕ್ ಅನ್ನು ನಿಧಾನವಾಗಿ ನಡೆಸುತ್ತಾರೆ, ಅಂದರೆ ಸೋರಿಕೆಗೆ ಬೇಕಾದ ಎಲ್ಲ ಅನುಕೂಲಗಳೂ ಒಂದೇ ಕಡೆ ಸೇರುತ್ತವೆ.

ಇಷ್ಟೊಂದು ಇಕ್ಕಟ್ಟಿದ್ದರೆ ಡಿರ್ಯಾಮ್ ಹೇಗೆ ಸುಧಾರಿಸುತ್ತದೆ ಎಂದು ನೀವು ಕೇಳಬಹುದು. ಅಲ್ಲಿಯೂ ಕೆಪಾಸಿಟರ್‌ನಲ್ಲಿ ಚಾರ್ಜ್ ಇಡುವುದೇ ಕೆಲಸ, ಆದರೂ ಎಲ್ಲ ಸಾಲುಗಳನ್ನೂ 64 ಮಿಲಿಸೆಕೆಂಡ್‌ಗೊಮ್ಮೆ ಪುನಃ ತುಂಬಿದರೆ ಸಾಕು, 85 ಡಿಗ್ರಿ ದಾಟಿದರೆ 32 ಮಿಲಿಸೆಕೆಂಡ್‌ಗೊಮ್ಮೆ. ಅಲ್ಲಿನ ಟ್ರಾನ್ಸಿಸ್ಟರ್ ಅನ್ನು ಸೋರಬಾರದು ಎಂಬ ಒಂದೇ ಗುರಿಯಿಂದ, ವೇಗವನ್ನು ಬಿಟ್ಟುಕೊಟ್ಟು ಮಾಡಿರುತ್ತಾರೆ. ಲಾಜಿಕ್ ಗೇಟ್‌ನ ಟ್ರಾನ್ಸಿಸ್ಟರ್ ಅನ್ನು ಮಾಡುವುದು ವೇಗಕ್ಕಾಗಿಯೇ.

ಆದ್ದರಿಂದ ಲಾಜಿಕ್‌ನಲ್ಲಿ ಬೇರೆ ಉಪಾಯ ಬೇಕು, ಅದೇ ಕೀಪರ್. ಗೆರೆಯನ್ನು ಓದುವ ಇನ್ವರ್ಟರ್‌ನ ಔಟ್‌ಪುಟ್ ಅನ್ನು ಹಿಂದಕ್ಕೆ ತಂದು ಒಂದು ದುರ್ಬಲ ಪಿಮಾಸ್‌ನ ಗೇಟ್‌ಗೆ ಕೊಡುತ್ತಾರೆ. ಗೆರೆ ಮೇಲಿದ್ದಾಗ ಇನ್ವರ್ಟರ್ ಸೊನ್ನೆ ಕೊಡುತ್ತದೆ, ಪಿಮಾಸ್ ತೆರೆದಿರುತ್ತದೆ, ಸೋರಿದಷ್ಟನ್ನು ಸಪ್ಲೈನಿಂದ ತುಂಬುತ್ತಲೇ ಇರುತ್ತದೆ. ಅದರ ತಡೆ 100 ಕಿಲೊಓಮ್ ಎಂದರೆ 160 ನ್ಯಾನೊಆಂಪಿಯರ್‌ಗೆ ಗೆರೆ ಕಳೆದುಕೊಳ್ಳುವುದು 16 ಮಿಲಿವೋಲ್ಟ್ ಮಾತ್ರ, ಅದೂ ಕ್ಲಾಕ್ ಎಷ್ಟು ಹೊತ್ತು ನಿಂತರೂ ಅಷ್ಟೇ. ಚಾರ್ಜ್ ಹಂಚಿಕೆಯ ಕುಸಿತವನ್ನೂ ಒಂದೆರಡು ನ್ಯಾನೊಸೆಕೆಂಡ್‌ನಲ್ಲಿ ಅದು ಬಹುಪಾಲು ಎತ್ತಿಬಿಡುತ್ತದೆ.

ಹಾಗಾದರೆ ಕೀಪರ್ ಅನ್ನು ಇನ್ನೂ ಬಲವಾಗಿ ಮಾಡಬಾರದೇಕೆ? ಗೆರೆ ನಿಜವಾಗಿಯೂ ಖಾಲಿಯಾಗಬೇಕಾದಾಗ ಅದೇ ಕೀಪರ್ ಎದುರು ನಿಲ್ಲುತ್ತದೆ. ಎರಡು ಎನ್‌ಮಾಸ್‌ಗಳ ದಾರಿ 10 ಕಿಲೊಓಮ್ ಇದ್ದರೆ, ಗೆರೆ 0.5 ವೋಲ್ಟ್‌ನಲ್ಲಿರುವಾಗ ಕೆಳಕ್ಕೆ 50 ಮೈಕ್ರೊಆಂಪಿಯರ್ ಎಳೆಯುತ್ತದೆ, 100 ಕಿಲೊಓಮ್ ಕೀಪರ್ ಮೇಲಿನಿಂದ 5 ಮೈಕ್ರೊಆಂಪಿಯರ್ ತುಂಬುತ್ತದೆ. ಹತ್ತಕ್ಕೆ ಒಂದರ ಈ ಜಗಳದಲ್ಲಿ ವೇಗ ಸ್ವಲ್ಪ ತಗ್ಗಿದರೂ ಗೆಲುವಿನ ಬಗ್ಗೆ ಅನುಮಾನವಿಲ್ಲ. ಕೀಪರ್ 20 ಕಿಲೊಓಮ್ ಆದರೆ ಅದು 25 ಮೈಕ್ರೊಆಂಪಿಯರ್, ಎಳೆತದ ಅರ್ಧ ಅಲ್ಲಿಯೇ ಹೋಯಿತು. ವೇಗಕ್ಕಾಗಿ ಆರಿಸಿಕೊಂಡ ಶೈಲಿಯಲ್ಲಿ ವೇಗವೇ ಉಳಿಯದಿದ್ದರೆ ಸ್ಟ್ಯಾಟಿಕ್ ಗೇಟ್ ಹಾಕುವುದೇ ಲೇಸು. ಈ ಹಗ್ಗಜಗ್ಗಾಟ ಕಾಲುಗಳ ಸಂಖ್ಯೆ ಏರಿದಂತೆ ಕಠಿಣವಾಗುತ್ತದೆ, ಏಕೆಂದರೆ ಸೋರುವವರು ಹದಿನಾರು, ಮೂವತ್ತೆರಡು ಎಂದು ಬೆಳೆಯುತ್ತಾರೆ, ಎಳೆಯುವವನು ಮಾತ್ರ ಯಾವಾಗಲೂ ಒಬ್ಬನೇ. ಓದುವ ಗೆರೆಗಳನ್ನು ಎಂಟು, ಹದಿನಾರರ ತುಂಡುಗಳಾಗಿ ಒಡೆದು ಮುಂದೆ ಇನ್ನೊಂದು ಗೇಟ್‌ನಲ್ಲಿ ಕೂಡಿಸುವುದಕ್ಕೆ ನನ್ನ ತಿಳಿವಳಿಕೆಯಲ್ಲಿ ಇದು ದೊಡ್ಡ ಕಾರಣ. ಇನ್ನೊಂದು ಮಾತು: ಚಾರ್ಜ್ ಹಂಚಿಕೆಯ ಮೊದಲ ಏಟಿಗೇ ಇನ್ವರ್ಟರ್ ತಿರುಗಿಬಿಟ್ಟರೆ ಕೀಪರ್ ಕೂಡ ಮುಚ್ಚಿಕೊಳ್ಳುತ್ತದೆ, ಆಮೇಲೆ ಗೆರೆಯನ್ನು ಎತ್ತುವವರು ಯಾರೂ ಇರುವುದಿಲ್ಲ. ಕೀಪರ್ ನಿಧಾನವಾದ ಸೋರಿಕೆಗೆ ಮದ್ದು, ಹಠಾತ್ ಕುಸಿತಕ್ಕೆ ಅಷ್ಟಾಗಿ ಅಲ್ಲ.

ಕ್ಲಾಕ್ ನಿಲ್ಲಿಸಲೇಬೇಕಾದರೆ ಎಲ್ಲಿ ನಿಲ್ಲಿಸುತ್ತೀರಿ ಎಂಬುದೂ ಮುಖ್ಯ. ಡಾಮಿನೊ ಗೇಟ್‌ಗಳಲ್ಲಿ ಪ್ರೀಚಾರ್ಜ್ ಹಂತದಲ್ಲಿ ನಿಲ್ಲಿಸಿದರೆ ಸೋರಿಕೆಯ ಭಯವಿಲ್ಲ, ಮೇಲಿನ ಪಿಮಾಸ್ ತುಂಬುತ್ತಲೇ ಇರುತ್ತದೆ. ಅದುವರೆಗಿನ ಉತ್ತರಗಳನ್ನು ಸ್ಟ್ಯಾಟಿಕ್ ಲ್ಯಾಚ್‌ಗಳಲ್ಲಿ ಹಿಡಿದಿಟ್ಟಿರಬೇಕು, ಅಷ್ಟೇ. ಕೆಡಿಸುವುದು ಇವ್ಯಾಲ್ಯುಯೇಟ್ ಅನ್ನು ಎಳೆಯುವುದು. ಎರಡು ಹಂತದ ಡೈನಾಮಿಕ್ ವಿನ್ಯಾಸದಲ್ಲಿ ಈ ಸೌಕರ್ಯವಿಲ್ಲ. ಒಂದು ಹಂತ ತುಂಬುತ್ತಿರುವಾಗ ಇನ್ನೊಂದರ ನೋಡ್‌ಗಳು ತೇಲುತ್ತಿರುತ್ತವೆ, ಎಲ್ಲಿ ನಿಲ್ಲಿಸಿದರೂ ಯಾರೋ ಒಬ್ಬರು ಸೋರುತ್ತಿರುತ್ತಾರೆ. ಇದೇ ತೊಂದರೆಗೆ 8086ರಲ್ಲಿಯೂ ಗರಿಷ್ಠ ಅವಧಿ 500 ನ್ಯಾನೊಸೆಕೆಂಡ್ ಎಂದಿತ್ತು. ಮುಂದೆ ಪೂರ್ತಿ ಸ್ಟ್ಯಾಟಿಕ್ ಆಗಿ ಮಾಡಿದ ಸಿಮಾಸ್ 80ಸಿ86 ಬಂದಾಗ ಕ್ಲಾಕ್ ಅನ್ನು ಸೊನ್ನೆಗೆ ಇಳಿಸಬಹುದಾಯಿತು.

ಇದನ್ನು ಕೈಯಾರೆ ಮಾಡಿ ನೋಡಬೇಕೆಂದರೆ ಒಂದು ಸಿಡಿ4007 ಸಾಕು. ಅದರೊಳಗೆ ಮೂರು ಪಿಮಾಸ್, ಮೂರು ಎನ್‌ಮಾಸ್ ಇವೆ. 14ನೇ ಪಿನ್‌ಗೆ 5 ವೋಲ್ಟ್, 7ಕ್ಕೆ ಗ್ರೌಂಡ್. ಕ್ಲಾಕ್ ಅನ್ನು 6ನೇ ಪಿನ್‌ಗೆ ಕೊಡಿರಿ. ಇದರಿಂದ 13ರಲ್ಲಿ ಡ್ರೇನ್ ಇರುವ ಪಿಮಾಸ್ ನಿಮ್ಮ ಪ್ರೀಚಾರ್ಜ್ ಆಗುತ್ತದೆ, 8ರಲ್ಲಿ ಡ್ರೇನ್ ಇರುವ ಎನ್‌ಮಾಸ್ ಫುಟ್ ಆಗುತ್ತದೆ. ಇನ್‌ಪುಟ್ 3ನೇ ಪಿನ್. ಅದರ ಎನ್‌ಮಾಸ್‌ನ 5ನೇ ಪಿನ್ ಅನ್ನು 13ಕ್ಕೆ, 4ನೆಯದನ್ನು 8ಕ್ಕೆ ಸೇರಿಸಿರಿ. ಆ ಜೋಡಿಯ ಪಿಮಾಸ್ ಬೇಡ, 2ನ್ನು 5 ವೋಲ್ಟ್‌ಗೆ ಕಟ್ಟಿ 1ನ್ನು ಖಾಲಿ ಬಿಡಿರಿ. ಮೂರನೇ ಜೋಡಿ ಇನ್ವರ್ಟರ್: 10ನ್ನು 13ಕ್ಕೆ, 11ನ್ನು 5 ವೋಲ್ಟ್‌ಗೆ, 9ನ್ನು ಗ್ರೌಂಡ್‌ಗೆ ಸೇರಿಸಿದರೆ ಔಟ್‌ಪುಟ್ 12ರಲ್ಲಿ ಸಿಗುತ್ತದೆ. ಈಗ 13ರಿಂದ ಗ್ರೌಂಡ್‌ಗೆ 100 ಪಿಕೊಫ್ಯಾರಡ್ ಕೆಪಾಸಿಟರ್ ಒಂದನ್ನೂ, ಗೊತ್ತಿರುವ ಸೋರಿಕೆಯಾಗಿ 10 ಮೆಗಾಓಮ್ ರೆಸಿಸ್ಟರ್ ಒಂದನ್ನೂ ಹಾಕಿ, 3ನೇ ಪಿನ್ ಅನ್ನು ಗ್ರೌಂಡ್‌ಗೆ ಕಟ್ಟಿರಿ. ಇನ್‌ಪುಟ್ ಸೊನ್ನೆ ಇರುವುದರಿಂದ 12 ಸದಾ ಸೊನ್ನೆಯಾಗಿಯೇ ಇರಬೇಕು. ಈ ಕೆಪಾಸಿಟರ್ ಮತ್ತು ರೆಸಿಸ್ಟರ್‌ನ ಗುಣಲಬ್ಧ 1 ಮಿಲಿಸೆಕೆಂಡ್, ನೋಡ್ ಅರ್ಧಕ್ಕೆ ಇಳಿಯಲು ಸುಮಾರು 0.7 ಮಿಲಿಸೆಕೆಂಡ್ ಬೇಕು. 1 ಕಿಲೊಹರ್ಟ್ಸ್ ಚೌಕ ತರಂಗ ಕೊಟ್ಟರೆ ಇವ್ಯಾಲ್ಯುಯೇಟ್ 0.5 ಮಿಲಿಸೆಕೆಂಡ್ ಮಾತ್ರ, 12 ಶಾಂತವಾಗಿರುತ್ತದೆ. 500 ಹರ್ಟ್ಸ್‌ಗೆ ಇಳಿಸಿದರೆ ಇವ್ಯಾಲ್ಯುಯೇಟ್ 1 ಮಿಲಿಸೆಕೆಂಡ್ ಆಗಿ, ಪ್ರತಿ ಅವಧಿಯ ಕೊನೆಯಲ್ಲಿ 12 ಮೇಲೇಳುವುದು ಆಸಿಲೋಸ್ಕೋಪ್‌ನಲ್ಲಿ ಕಾಣುತ್ತದೆ. ಇನ್ವರ್ಟರ್‌ನ ತಿರುವು ಸರಿಯಾಗಿ ಅರ್ಧದಲ್ಲೇ ಇರುವುದಿಲ್ಲವಾದ್ದರಿಂದ ಮಿತಿ ಸ್ವಲ್ಪ ಆಚೀಚೆ ಬರಬಹುದು.

ಪ್ರೋಬ್ ಅನ್ನು 12ಕ್ಕೆ ಮಾತ್ರ ಇಡಿರಿ, 13ಕ್ಕೆ ಇಡಬೇಡಿರಿ. ಸಾಮಾನ್ಯ 10 ಪಟ್ಟಿನ ಪ್ರೋಬ್ ತಾನೇ 10 ಮೆಗಾಓಮ್, ಅದು ಇನ್ನೊಂದು ಸೋರಿಕೆಯಾಗಿ ಕೂತುಬಿಡುತ್ತದೆ. ರೆಸಿಸ್ಟರ್ ತೆಗೆದುಹಾಕಿ ಚಿಪ್‌ನ ಸ್ವಂತ ಸೋರಿಕೆಯನ್ನು ನೋಡಲು ಹೊರಟರೆ ಎರಡು ವಿಚಿತ್ರಗಳು ಎದುರಾಗುತ್ತವೆ. ಪಿಮಾಸ್‌ನ ಡಯೋಡ್ 5 ವೋಲ್ಟ್ ಕಡೆಯಿಂದ ನೋಡ್‌ಗೆ ಸೋರುತ್ತದೆ, ಎನ್‌ಮಾಸ್‌ನದ್ದು ನೋಡ್‌ನಿಂದ ಗ್ರೌಂಡ್‌ಗೆ. ಎರಡೂ ಒಂದನ್ನೊಂದು ಭಾಗಶಃ ತಿಂದುಹಾಕಿ ನೋಡ್ ಸೆಕೆಂಡುಗಟ್ಟಲೆ ಇಳಿಯದೆಯೂ ಇರಬಹುದು. ಇನ್ನೊಂದು, ಬ್ರೆಡ್‌ಬೋರ್ಡ್ ತಾನೇ ಸೋರುತ್ತದೆ. ಧಾರವಾಡದ ಜುಲೈ ಜಿಟಿಜಿಟಿಯಲ್ಲಿ ತೇವ ಹಿಡಿದ, ಬೆರಳಿನ ಬೆವರು ಅಂಟಿದ ಬೋರ್ಡ್‌ನ ಮೇಲೆ ಅಳೆದದ್ದು ಚಿಪ್‌ನ ಸೋರಿಕೆಯೋ ಬೋರ್ಡ್‌ನದ್ದೋ ಹೇಳಲಾಗದು. ಅದಕ್ಕೇ ಮೊದಲು ರೆಸಿಸ್ಟರ್ ಹಾಕಿ ಮಾಡಿರಿ ಎಂದದ್ದು. ಅದೇ ರೆಸಿಸ್ಟರ್ ಇದ್ದಂತೆಯೇ 13ರಿಂದ 5 ವೋಲ್ಟ್‌ಗೆ 1 ಮೆಗಾಓಮ್ ಹಾಕಿದರೆ ಅದು ಕೀಪರ್‌ನ ಕೆಲಸ ಮಾಡಿ, ಕ್ಲಾಕ್ ಅನ್ನು ಎಷ್ಟು ಇಳಿಸಿದರೂ ನೋಡ್ 4.5 ವೋಲ್ಟ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಆಮೇಲೆ 3ನೇ ಪಿನ್ ಅನ್ನು 5 ವೋಲ್ಟ್‌ಗೆ ಕಟ್ಟಿದರೆ ಎನ್‌ಮಾಸ್ ಅದನ್ನು ಲೆಕ್ಕಿಸದೆ ನೋಡ್ ಅನ್ನು ಕೆಳಗೆಳೆಯುವುದನ್ನೂ ನೋಡಬಹುದು.

ನಿಮ್ಮ ಮೂಲ ಉದ್ದೇಶಕ್ಕೆ, ಅಂದರೆ ಬಸ್ ಅನ್ನು ಹೆಜ್ಜೆ ಹೆಜ್ಜೆಯಾಗಿ ನೋಡುವುದಕ್ಕೆ, ಕ್ಲಾಕ್ ಅನ್ನು ಮುಟ್ಟಬೇಕಾಗಿಲ್ಲ. ಕ್ರಿಸ್ಟಲ್ ಅನ್ನು ಅದರ ಜಾಗಕ್ಕೆ ಹಾಕಿರಿ. 8085 ಪ್ರತಿ ಮೆಷಿನ್ ಸೈಕಲ್‌ನ ಎರಡನೇ ಸ್ಥಿತಿಯಲ್ಲಿ ರೆಡಿ ಪಿನ್ ಅನ್ನು ನೋಡುತ್ತದೆ. ಅದು ಸೊನ್ನೆಯಾಗಿದ್ದರೆ ಅಡ್ರೆಸ್‌ನ ಮೇಲಿನ ಎಂಟು ಬಿಟ್‌ಗಳನ್ನೂ ಕಂಟ್ರೋಲ್ ಗೆರೆಗಳನ್ನೂ ಹಾಗೆಯೇ ಹಿಡಿದುಕೊಂಡು ಕಾಯುತ್ತದೆ, ಕೆಳಗಿನ ಎಂಟು ಬಿಟ್‌ಗಳು ಕಿಟ್‌ನ ಅಡ್ರೆಸ್ ಲ್ಯಾಚ್‌ನಲ್ಲಿ ಇರುತ್ತವೆ. ಒಳಗಿನ ಕ್ಲಾಕ್ ಮಾತ್ರ ಪೂರ್ತಿ ವೇಗದಲ್ಲಿ ಓಡುತ್ತಲೇ ಇದ್ದು ಎಲ್ಲ ನೋಡ್‌ಗಳನ್ನೂ ತುಂಬುತ್ತಿರುತ್ತದೆ. ಒಂದು 74ಎಲ್‌ಎಸ್74 ತೆಗೆದುಕೊಂಡು ಅದರ ಡಿ ಮತ್ತು ಪ್ರೀಸೆಟ್ ಪಿನ್‌ಗಳನ್ನು 5 ವೋಲ್ಟ್‌ಗೆ, ಕ್ಯೂ ಔಟ್‌ಪುಟ್ ಅನ್ನು ರೆಡಿಗೆ, ಎಎಲ್‌ಇ ಸಂಕೇತವನ್ನು ಇನ್ವರ್ಟ್ ಮಾಡಿ ಕ್ಲಿಯರ್‌ಗೆ, ಗುಂಡಿಯ ಸಂಕೇತವನ್ನು ಕ್ಲಾಕ್‌ಗೆ ಕೊಡಿರಿ. ಪ್ರತಿ ಸೈಕಲ್ ಶುರುವಾದಾಗ ಎಎಲ್‌ಇ ಫ್ಲಿಪ್‌ಫ್ಲಾಪ್ ಅನ್ನು ಸೊನ್ನೆಗೆ ತರುತ್ತದೆ, ಪ್ರೊಸೆಸರ್ ನಿಲ್ಲುತ್ತದೆ, ನೀವು ಗುಂಡಿ ಒತ್ತಿದಾಗ ಒಂದೇ ಸೈಕಲ್ ಮುಂದೆ ಹೋಗಿ ಮತ್ತೆ ನಿಲ್ಲುತ್ತದೆ. ಗುಂಡಿಯ ನಡುಕವನ್ನು ಎರಡು ನ್ಯಾಂಡ್ ಗೇಟ್‌ಗಳ ಲ್ಯಾಚ್‌ನಿಂದ ತೆಗೆಯಲೇಬೇಕು, ಇಲ್ಲದಿದ್ದರೆ ಒಂದು ಒತ್ತಿಗೆ ಹಲವು ಸೈಕಲ್‌ಗಳು ಜಾರಿಹೋಗುತ್ತವೆ. ಹಲವು ಕಿಟ್‌ಗಳಲ್ಲಿ ರೆಡಿಯನ್ನು ನೇರವಾಗಿ 5 ವೋಲ್ಟ್‌ಗೆ ಕಟ್ಟಿರುತ್ತಾರೆ. ಕಿಟ್‌ನ ಸರ್ಕ್ಯೂಟ್ ಚಿತ್ರ ನೋಡಿ, ಆ ಜಂಪರ್ ತೆಗೆದ ಮೇಲೆಯೇ ಫ್ಲಿಪ್‌ಫ್ಲಾಪ್ ಸೇರಿಸಿರಿ.